ಸೈಟು ಬೇಡ, ದುಡ್ಡು ಕೊಡಿ

ಗೃಹ ನಿರ್ಮಾಣ ಸಹಕಾರ ಸಂಘದ ಕಚೇರಿಗೆ ಹೋಗಿ "ನನಗೆ ಸೈಟು ಬೇಡ, ಕಟ್ಟಿದ ಹಣ ವಾಪಸ್ ಕೊಡಿ" ಎಂದು ಕೇಳಿದರೆ ಅಲ್ಲಿನ ಗುಮಾಸ್ತರು ಸಾಮಾನ್ಯವಾಗಿ ಜಗಳಕ್ಕೆ ಬರುವುದಿಲ್ಲ. ಡ್ರಾಯರಿನಿಂದ ಒಂದು ಅಚ್ಚಾದ ಅರ್ಜಿ ತೆಗೆದು ಕೊಡುತ್ತಾರೆ. ಹೆಸರು, ಸದಸ್ಯತ್ವ ಸಂಖ್ಯೆ ಬರೆಯಲು ಜಾಗವಿರುತ್ತದೆ. ಅದರ ಕೆಳಗೆ, ಅನೇಕ ಸಂಘಗಳಲ್ಲಿ, ಕಾರಣ ಮೊದಲೇ ಅಚ್ಚಾಗಿರುತ್ತದೆ: "ವೈಯಕ್ತಿಕ ಕಾರಣಗಳಿಂದ ನಾನು ಸ್ವಇಚ್ಛೆಯಿಂದ ಸದಸ್ಯತ್ವಕ್ಕೆ ರಾಜೀನಾಮೆ ನೀಡುತ್ತಿದ್ದೇನೆ." ಸಾಲಿನಲ್ಲಿ ನಿಂತು ಬೇಸತ್ತವರು ಓದದೆ ಸಹಿ ಹಾಕುತ್ತಾರೆ. ಮುಂದೆ ಬರುವ ತೊಂದರೆಗಳಲ್ಲಿ ಅರ್ಧದಷ್ಟು ಆ ಒಂದು ಸಹಿಯಿಂದಲೇ ಶುರುವಾಗುತ್ತವೆ.

ಆ ವಾಕ್ಯಕ್ಕೆ ಸಹಿ ಹಾಕಿದಿರಿ ಎಂದರೆ ಎರಡು ಮಾತು ಒಪ್ಪಿದಂತೆ. ಸೈಟು ಕೊಡಲು ಸಂಘ ಸಿದ್ಧವಿತ್ತು, ಹಿಂದೆ ಸರಿದವರು ನೀವೇ ಎಂಬುದು ಒಂದು. ಸಂಘವನ್ನೇ ಬಿಟ್ಟು ಹೋಗುತ್ತಿದ್ದೀರಿ ಎಂಬುದು ಇನ್ನೊಂದು. ಮೊದಲನೆಯದರಿಂದ ಬಡ್ಡಿ ಕೇಳುವ ಹಕ್ಕು ಸಡಿಲಾಗುತ್ತದೆ, ಠೇವಣಿಯಲ್ಲಿ ಇಷ್ಟು ಪಾಲು ಮುರಿದುಕೊಳ್ಳಬಹುದು ಎಂಬ ಷರತ್ತಿಗೆ ಬಲ ಬರುತ್ತದೆ. ಎರಡನೆಯದರಿಂದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು "ನಮ್ಮ ದುಡ್ಡು ಎಲ್ಲಿ?" ಎಂದು ಕೇಳುವ ಅವಕಾಶ ಹೋಗುತ್ತದೆ. ದುಡ್ಡಂತೂ ಇನ್ನೂ ಕೈಗೆ ಬಂದಿರುವುದಿಲ್ಲ.

ಸಂಘದಲ್ಲಿ ನೀವು ಇಟ್ಟಿರುವ ಹಣ ಒಂದೇ ಬಗೆಯದಲ್ಲ ಎಂಬುದನ್ನು ಇಲ್ಲಿ ಬಿಡಿಸಿಕೊಳ್ಳಬೇಕು. ಸೇರುವಾಗ ಕೊಂಡ ಷೇರು ಸಂಘದ ಬಂಡವಾಳ. ಅದರ ಮಟ್ಟಿಗೆ ನೀವು ಮಾಲೀಕರಲ್ಲಿ ಒಬ್ಬರು, ಸಂಘಕ್ಕೆ ನಷ್ಟವಾದರೆ ಆ ಹಣಕ್ಕೂ ಪೆಟ್ಟು. ಅದನ್ನು ಯಾವಾಗ, ಹೇಗೆ ಹಿಂದಿರುಗಿಸಬೇಕೆಂದು ಸಂಘದ ಉಪವಿಧಿ, ಅಂದರೆ ಬೈಲಾ, ಹೇಳುತ್ತದೆ. ಸಾಲ ಬಾಕಿ ಇರಬಾರದು, ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತಿರಬಾರದು, ಆಡಳಿತ ಮಂಡಳಿ ರಾಜೀನಾಮೆ ಅಂಗೀಕರಿಸಬೇಕು ಎಂಬ ಷರತ್ತುಗಳು ಸಾಮಾನ್ಯ. ಎಷ್ಟು ವರ್ಷ ಇಟ್ಟಿದ್ದರೂ ಷೇರಿಗೆ ಮುಖಬೆಲೆಗಿಂತ ಹೆಚ್ಚು ಸಿಗುವುದಿಲ್ಲ. ಸೈಟಿಗೆಂದು ಕಂತು ಕಂತಾಗಿ ಕಟ್ಟಿದ ನಿವೇಶನ ಠೇವಣಿ ಹಾಗಲ್ಲ. ಅದು ಒಂದು ಸೇವೆಗೆ ಮುಂಗಡವಾಗಿ ಕೊಟ್ಟ ಹಣ, ಸಂಘದ ಪುಸ್ತಕದಲ್ಲಿ ಅದು ಸಾಲದ ಕಡೆ ನಿಲ್ಲುತ್ತದೆ. ಇದರ ಮಟ್ಟಿಗೆ ಸಂಘ ನಿಮಗೆ ಬಾಕಿದಾರ. ಷೇರಿನ ಷರತ್ತುಗಳನ್ನು ಠೇವಣಿಗೂ ಹಚ್ಚಿ "ಬೈಲಾ ಪ್ರಕಾರ ಆಗುತ್ತೆ ಸಾರ್, ಕಾಯಿರಿ" ಎನ್ನುವುದು ಸಂಘಗಳ ಹಳೆಯ ಚಾಳಿ. ಪ್ರವೇಶ ಶುಲ್ಕ, ಅರ್ಜಿ ಶುಲ್ಕಗಳು ಮಾತ್ರ ಹೋದಂತೆಯೇ, ಅವುಗಳ ಹಿಂದೆ ಬೀಳಬೇಡಿ.

ಹಾಗಾಗಿ ಎರಡು ಬೇಡಿಕೆಗೆ ಎರಡು ಪತ್ರ ಬೇಕು. ಮೊದಲು ಸೈಟಿನ ಕೋರಿಕೆ ಹಿಂತೆಗೆದು ಠೇವಣಿ ಕೇಳಿ. ಷೇರು ಹಾಗೆಯೇ ಇರಲಿ, ಸದಸ್ಯತ್ವವೂ ಇರಲಿ. ಠೇವಣಿ ಪೂರ್ತಿ ಕೈಸೇರಿದ ಮೇಲೆ ರಾಜೀನಾಮೆ ಕೊಡಬಹುದು. "ರಾಜೀನಾಮೆ ಕೊಡದಿದ್ದರೆ ಠೇವಣಿ ಕೊಡುವುದಿಲ್ಲ" ಎಂದು ಸಂಘ ಹಟ ಹಿಡಿದರೆ, ಹಾಗೆ ಹೇಳುವ ಉಪವಿಧಿಯ ಸಂಖ್ಯೆಯನ್ನು ಬರಹದಲ್ಲಿ ಕೇಳಿ.

ಲೆಕ್ಕಕ್ಕೆಂದು ಒಂದು ಪ್ರಕರಣ ಕಟ್ಟಿಕೊಳ್ಳೋಣ. ಬೆಂಗಳೂರಿನ ಒಬ್ಬ ಹೈಸ್ಕೂಲ್ ಶಿಕ್ಷಕಿ ಒಂದು ಸಂಘದಲ್ಲಿ 100 ರೂಪಾಯಿಯ ಹತ್ತು ಷೇರು ಕೊಂಡು ಸದಸ್ಯೆಯಾದರು. 30–40ರ ಸೈಟು, ಅಂದರೆ 1,200 ಚದರಡಿ. ಚದರಡಿಗೆ 1,200 ರೂಪಾಯಿಯಂತೆ ಒಟ್ಟು 14,40,000. 2015ರ ಜೂನ್ 1ರಂದು ಶೇ. 30, ಅಂದರೆ 4,32,000 ಕಟ್ಟಿದರು. ಮುಂದಿನ ವರ್ಷ ಅದೇ ದಿನ ಶೇ. 20ರ ಕಂತು 2,88,000, ಅದರ ಮುಂದಿನ ವರ್ಷ ಶೇ. 10ರ ಕಂತು 1,44,000. ಒಟ್ಟು 8,64,000. 2018ಕ್ಕೆ ಸೈಟು ಎಂದು ಕರಪತ್ರದಲ್ಲಿತ್ತು. 2023 ಬಂದರೂ ಆ ಜಾಗದಲ್ಲಿ ರಾಗಿ ಹೊಲವೇ ಇತ್ತು, ಬಡಾವಣೆ ನಕ್ಷೆಗೆ ಅನುಮೋದನೆಯೂ ಆಗಿರಲಿಲ್ಲ. 2023ರ ಜೂನ್ 1ರಂದು ಅವರು ಹಣ ವಾಪಸ್ ಕೇಳಿದರು.

ಸಂಘ ಹೇಳಿದ್ದು ಹೀಗೆ: ಆಡಳಿತ ವೆಚ್ಚವೆಂದು ಠೇವಣಿಯ ಶೇ. 10 ಕಳೆಯುತ್ತೇವೆ, ಬಡ್ಡಿ ಇಲ್ಲ, ನಿಮ್ಮ ಜಾಗಕ್ಕೆ ಬೇರೆ ಸದಸ್ಯರು ಬಂದು ಹಣ ಕಟ್ಟಿದ ಮೇಲೆ ಕೊಡುತ್ತೇವೆ. ಅಂದರೆ 86,400 ಕಳೆದು 7,77,600, ಅದೂ ದಿನಾಂಕವಿಲ್ಲದ ಭರವಸೆಯ ಮೇಲೆ. ಈಗ ಇನ್ನೊಂದು ಕಡೆಯಿಂದ ಲೆಕ್ಕ ಹಾಕಿ. ಪ್ರತಿ ಕಂತಿಗೆ, ಅದು ಕಟ್ಟಿದ ದಿನದಿಂದ ವರ್ಷಕ್ಕೆ ಶೇ. 9ರ ಸರಳ ಬಡ್ಡಿ ಹಿಡಿದರೆ ಮೊದಲ ಕಂತಿಗೆ ಎಂಟು ವರ್ಷಕ್ಕೆ 3,11,040, ಎರಡನೆಯದಕ್ಕೆ ಏಳು ವರ್ಷಕ್ಕೆ 1,81,440, ಮೂರನೆಯದಕ್ಕೆ ಆರು ವರ್ಷಕ್ಕೆ 77,760. ಬಡ್ಡಿ ಒಟ್ಟು 5,70,240, ಅಸಲು ಸೇರಿ 14,34,240. ಸಂಘ ಕೊಡುತ್ತೇನೆಂದದ್ದಕ್ಕೂ ಇದಕ್ಕೂ ಇರುವ ಅಂತರ 6,56,640 ರೂಪಾಯಿ. ಶೇ. 9 ಎಂಬುದು ಕಾನೂನು ಹಾಕಿಕೊಟ್ಟ ದರವಲ್ಲ. ಎಷ್ಟು ಬಡ್ಡಿ, ಯಾವ ದಿನದಿಂದ ಎಂಬುದು ತೀರ್ಪು ಕೊಡುವವರ ವಿವೇಚನೆ. ಶೇ. 6 ಎಂದರೆ ಬಡ್ಡಿ 3,80,160ಕ್ಕೆ ಇಳಿಯುತ್ತದೆ. ಆದರೂ ಕಂತಿನ ದಿನಾಂಕವಾರು ಪಟ್ಟಿಯನ್ನು ನೀವೇ ಬರೆದು ಕೊಟ್ಟರೆ ಬಡ್ಡಿಯನ್ನು ಪ್ರತಿ ಕಂತಿನ ದಿನದಿಂದ ಎಣಿಸುವ ಮಾತು ಬರುತ್ತದೆ. ಕೊಡದಿದ್ದರೆ ಅರ್ಜಿ ಹಾಕಿದ ದಿನದಿಂದ ಎಂದು ಮುಗಿದುಹೋಗುವ ಅಪಾಯವಿದೆ.

ಪತ್ರದಲ್ಲಿ ಏನು ಬರೆಯಬೇಕು? ಶಿಕ್ಷಕಿಯ ಪತ್ರ ಸರಿಯಾಗಿ ಬರೆದಿದ್ದರೆ ಹೀಗಿರುತ್ತದೆ: "2018ರೊಳಗೆ ನಿವೇಶನ ಕೊಡುವುದಾಗಿ ಸಂಘ ತಿಳಿಸಿತ್ತು. ಇಂದಿನವರೆಗೆ ಬಡಾವಣೆಗೆ ಅನುಮೋದನೆಯಾಗಿಲ್ಲ. ಸಂಘದ ಈ ವಿಳಂಬದ ಕಾರಣದಿಂದ ನಿವೇಶನದ ಕೋರಿಕೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಕೆಳಗಿನ ರಸೀದಿಗಳ ಪ್ರಕಾರ ಕಟ್ಟಿದ 8,64,000 ರೂಪಾಯಿಯನ್ನು ಬಡ್ಡಿಸಹಿತ 30 ದಿನದೊಳಗೆ ನನ್ನ ಖಾತೆಗೆ ಜಮಾ ಮಾಡಬೇಕು." ಕೆಳಗೆ ರಸೀದಿ ಸಂಖ್ಯೆ, ದಿನಾಂಕ, ಚೆಕ್ ಸಂಖ್ಯೆ. ಇದಿಷ್ಟೇ ಸಾಕು. ಮಗಳ ಮದುವೆ, ಮನೆಯವರ ಆಸ್ಪತ್ರೆ ಖರ್ಚು ಎಂದೆಲ್ಲ ಬರೆದು ಕರುಣೆ ಕೇಳಲು ಮನಸ್ಸಾಗುತ್ತದೆ. ಬರೆಯಬೇಡಿ. ನಾಳೆ ಸಂಘದ ವಕೀಲರು ಅದೇ ಸಾಲನ್ನು ತೋರಿಸಿ "ಇವರಿಗೆ ತುರ್ತು ಹಣ ಬೇಕಿತ್ತು, ಅದಕ್ಕೇ ಬಿಟ್ಟು ಹೋದರು" ಎನ್ನುತ್ತಾರೆ.

ಪತ್ರವನ್ನು ಕಚೇರಿಯಲ್ಲೇ ಕೊಟ್ಟರೆ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಅಂಚೆಯಲ್ಲಿ ಸ್ವೀಕೃತಿ ಸಮೇತ ಕಳಿಸಿ. ಅಸಲು ರಸೀದಿ, ಷೇರು ಪತ್ರ, ಸದಸ್ಯತ್ವದ ಪಾಸ್‌ಬುಕ್ ಇವುಗಳ ಜೆರಾಕ್ಸ್ ಮಾತ್ರ ಲಗತ್ತಿಸಿ. "ಅಸಲು ಕೊಟ್ಟರೇ ಫೈಲು ಮುಂದೆ ಹೋಗೋದು" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ, ಹಣ ಕೊಡುವ ದಿನ ಅಸಲು ತರುತ್ತೇನೆ ಎಂದರೆ ಸಾಕು. ರಸೀದಿಗಳನ್ನು ಇನ್ನೊಮ್ಮೆ ತೆಗೆದು ಅವುಗಳ ಮೇಲಿನ ಹೆಸರು ಯಾರದೆಂದೂ ನೋಡಿ. ಕೆಲವರ ಒಂದೆರಡು ಕಂತಿನ ರಸೀದಿ ಸಂಘದ ಹೆಸರಿನಲ್ಲಿರದೆ, ಬಡಾವಣೆ ಮಾಡಿಕೊಡುವ ಡೆವಲಪರ್ ಕಂಪನಿಯ ಹೆಸರಿನಲ್ಲಿರುತ್ತದೆ. ಹಾಗಿದ್ದರೆ ಪತ್ರವೂ ಮುಂದಿನ ದೂರೂ ಇಬ್ಬರ ಮೇಲೂ ಇರಬೇಕು, ಇಲ್ಲವಾದರೆ ಆ ಕಂತು ನಮಗೆ ಬಂದೇ ಇಲ್ಲ ಎಂದು ಸಂಘ ಕೈ ತೊಳೆದುಕೊಳ್ಳುತ್ತದೆ.

ಸಂಘದ ಬಳಿ ಹಣ ಯಾಕಿರುವುದಿಲ್ಲ ಎಂಬುದು ತಿಳಿದರೆ ಎಷ್ಟು ಅವಸರ ಮಾಡಬೇಕೆಂಬುದೂ ತಿಳಿಯುತ್ತದೆ. ಸದಸ್ಯರ ಠೇವಣಿ ಬ್ಯಾಂಕಿನಲ್ಲಿ ಕೂತಿರುವುದಿಲ್ಲ. ಜಮೀನಿನ ಮಾಲೀಕರಿಗೆ, ಮಧ್ಯವರ್ತಿಗೆ, ಡೆವಲಪರ್‌ಗೆ ಮುಂಗಡವಾಗಿ ಹೋಗಿರುತ್ತದೆ. ಜಮೀನಿನ ವ್ಯವಹಾರ ಕೋರ್ಟಿಗೆ ಹೋದರೆ ಮುಂಗಡ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಂಗಳೂರಿಗೆ ಇದು ಹಳೆಯ ಕಾಯಿಲೆ. ಎಚ್‌ಎಂಟಿ ಗೃಹ ನಿರ್ಮಾಣ ಸಹಕಾರ ಸಂಘಕ್ಕಾಗಿ ಸರ್ಕಾರ ಮಾಡಿದ ಭೂಸ್ವಾಧೀನವನ್ನು ಹೈಕೋರ್ಟ್ ರದ್ದು ಮಾಡಿದ್ದನ್ನು ಸುಪ್ರೀಂ ಕೋರ್ಟ್ 1995ರಲ್ಲಿ ಎತ್ತಿಹಿಡಿಯಿತು. ಅಧಿಸೂಚನೆ ಹೊರಡಿಸಿಕೊಡಲು ಸಂಘ ಮಧ್ಯವರ್ತಿಯೊಬ್ಬರಿಗೆ ಹಣ ಗೊತ್ತು ಮಾಡಿಕೊಂಡಿದ್ದದ್ದು ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು. ಸ್ವಾಧೀನ ಬಿದ್ದರೆ ಸೈಟು ಬೀಳುತ್ತದೆ, ಮುಂಗಡ ವಾಪಸ್ ತರುವುದು ಸಂಘದ ಪಾಡು, ಸಂಘದ ಹಿಂದೆ ಓಡುವುದು ಸದಸ್ಯರ ಪಾಡು.

ಆದ್ದರಿಂದ ಸಂಘದ ಆಡಿಟ್ ವರದಿಯನ್ನು ಒಮ್ಮೆ ನೋಡಲೇಬೇಕು. ಸರ್ವಸದಸ್ಯರ ಸಭೆಗೆ ಮುನ್ನ ಹಂಚುವ ವಾರ್ಷಿಕ ವರದಿಯಲ್ಲಿ ಜಮಾ-ಖರ್ಚಿನ ಜತೆ ಆಸ್ತಿ-ಜವಾಬ್ದಾರಿ ತಃಖ್ತೆ ಇರುತ್ತದೆ. ಅದರಲ್ಲಿ ಮೂರು ಸಾಲು ಹುಡುಕಿ: ಸದಸ್ಯರಿಂದ ಬಂದ ನಿವೇಶನ ಠೇವಣಿ ಎಷ್ಟು, ಜಮೀನು ಮುಂಗಡ ಎಂದು ಹೊರಗೆ ಹೋಗಿರುವುದು ಎಷ್ಟು, ಬ್ಯಾಂಕಿನಲ್ಲಿ ಉಳಿದಿರುವುದು ಎಷ್ಟು. ಠೇವಣಿ ಕೋಟಿಗಳಲ್ಲಿದ್ದು, ಬ್ಯಾಂಕಿನಲ್ಲಿ ಲಕ್ಷಗಳಷ್ಟೇ ಇದ್ದು, ಜಮೀನು ಮುಂಗಡ ವರ್ಷದಿಂದ ವರ್ಷಕ್ಕೆ ಅಲುಗಾಡದೆ ಅದೇ ಮೊತ್ತದಲ್ಲಿ ನಿಂತಿದ್ದರೆ, ಇನ್ನೊಂದು ವರ್ಷ ಕಾದರೆ ಒಳ್ಳೆಯದಾಗುತ್ತದೆಂಬ ಆಸೆ ಬಿಡಬೇಕು. ವರದಿ ಕೊಡಲು ಸಂಘ ಸತಾಯಿಸಿದರೆ ಮಾಹಿತಿ ಹಕ್ಕಿನಡಿ ನೇರವಾಗಿ ಸಂಘವನ್ನೇ ಕೇಳುವಂತಿಲ್ಲ. ಸಹಕಾರ ಸಂಘಗಳು ಸಾಮಾನ್ಯವಾಗಿ ಆ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ, ಕೇರಳದ ತಳಪ್ಪಾಲಂ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ತೀರ್ಪು ಸಹಕಾರ ಸಂಘಗಳ ನಿಬಂಧಕರು ಆ ಕಾಯ್ದೆಗೆ ಒಳಪಟ್ಟವರು ಎಂದೂ ಹೇಳಿದೆ. ಆಡಿಟ್ ವರದಿ, ನೋಂದಾಯಿತ ಉಪವಿಧಿಯ ಪ್ರತಿ ಇವೆಲ್ಲ ನಿಬಂಧಕರ ಇಲಾಖೆಯಲ್ಲಿರುವ ಕಾಗದಗಳು. ಅರ್ಜಿಯನ್ನು ಅಲ್ಲಿಗೇ ಹಾಕಿ.

ಮೂವತ್ತು ದಿನ ಕಳೆಯಿತು, ಉತ್ತರವಿಲ್ಲ, ಅಥವಾ "ಹೊಸ ಸದಸ್ಯರು ಬಂದ ಮೇಲೆ" ಎಂಬ ಉತ್ತರ ಬಂತು. ಮುಂದೆ ಮುಖ್ಯವಾಗಿ ಎರಡು ದಾರಿ. ಒಂದು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರಡಿ ನಿಬಂಧಕರ ಮುಂದೆ ದಾವೆ. ಈ ಕಲಮಿನಲ್ಲಿ ಸದಸ್ಯರಷ್ಟೇ ಅಲ್ಲ, ಹಿಂದಿನ ಸದಸ್ಯರೂ ತೀರಿಕೊಂಡ ಸದಸ್ಯರ ವಾರಸುದಾರರೂ ದಾವೆ ಹೂಡಬಹುದು. ಹೀಗಾಗಿ ಅಚ್ಚಾದ ಅರ್ಜಿಗೆ ಸಹಿ ಹಾಕಿ ಹೊರಬಿದ್ದವರಿಗೂ ಬಾಗಿಲು ಮುಚ್ಚಿಲ್ಲ. ತೀರ್ಪು ಒಪ್ಪಿಗೆಯಾಗದಿದ್ದರೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಸಹಕಾರದ ಒಳಗಿನ ವಿಷಯ, ಅಂದರೆ ಉಪವಿಧಿಯ ಅರ್ಥ, ರಾಜೀನಾಮೆ ಅಂಗೀಕಾರ, ಷೇರಿನ ಲೆಕ್ಕ ಇಂಥವಕ್ಕೆ ಇದು ಸರಿಯಾದ ಜಾಗ.

ಎರಡನೆಯದು ಜಿಲ್ಲಾ ಗ್ರಾಹಕರ ಆಯೋಗ. ಠೇವಣಿಯ ಹಣ ಬೇಕಾದವರಿಗೆ ನಾನು ಹೇಳುವುದು ಇದನ್ನೇ. "ಇದು ಸಂಘ-ಸದಸ್ಯರ ನಡುವಿನ ವಿಷಯ, ನಿಬಂಧಕರ ಬಳಿ ಹೋಗಬೇಕು, ಇಲ್ಲಿ ಬರುವಂತಿಲ್ಲ" ಎಂದು ಸಂಘದ ವಕೀಲರು ಮೊದಲ ದಿನವೇ ಆಕ್ಷೇಪ ಎತ್ತುತ್ತಾರೆ. ಆ ಪ್ರಶ್ನೆ ಎಂದೋ ಇತ್ಯರ್ಥವಾಗಿದೆ. ತಮಿಳುನಾಡಿನ ತಿರುಮುರುಗನ್ ಕೃಷಿ ಪತ್ತಿನ ಸಹಕಾರ ಸಂಘ ಮತ್ತು ಲಲಿತಾ ಎಂಬವರ ನಡುವಿನ ಪ್ರಕರಣದಲ್ಲಿ, ಸಹಕಾರ ಕಾಯ್ದೆಯಲ್ಲಿ ಬೇರೆ ದಾರಿ ಇದ್ದರೂ ಸದಸ್ಯರು ಗ್ರಾಹಕರ ವೇದಿಕೆಗೆ ಬರಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. 2013ರಲ್ಲಿ ವೀರೇಂದರ್ ಜೈನ್ ಪ್ರಕರಣದಲ್ಲಿ, ಗೃಹ ನಿರ್ಮಾಣ ಸಂಘವೊಂದರ ವಿಷಯದಲ್ಲೇ, ಅದೇ ನಿಲುವು ಮತ್ತೆ ಬಂತು. ಈ ಎರಡು ಹೆಸರು ದೂರಿನಲ್ಲಿದ್ದರೆ ಆಕ್ಷೇಪದ ಮೇಲೆ ಹೆಚ್ಚು ವಾಯಿದೆ ಹೋಗುವುದಿಲ್ಲ.

ಇಲ್ಲಿ ಖರ್ಚೂ ಕಡಿಮೆ. ನೀವು ಕಟ್ಟಿದ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷದವರೆಗೆ 200 ರೂಪಾಯಿ. ನಮ್ಮ ಶಿಕ್ಷಕಿ ಕಟ್ಟಬೇಕಾದ್ದು ಅಷ್ಟೇ. ವಕೀಲರು ಕಡ್ಡಾಯವಲ್ಲ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಿವೃತ್ತಿಯಾಗಿ ಹಾಸನಕ್ಕೋ ಧಾರವಾಡಕ್ಕೋ ಹೋಗಿ ನೆಲೆಸಿದವರು ವಾಯಿದೆಗೆಂದು ಬೆಂಗಳೂರಿಗೆ ಬರಬೇಕಿಲ್ಲ. ಇನ್ನೊಂದು ಅನುಕೂಲ, ಆದೇಶ ಪಾಲಿಸದಿದ್ದರೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಅದಕ್ಕಾಗಿ ಅರ್ಜಿ ಬಿದ್ದು ವಾರಂಟ್ ಮಾತು ಬಂದಾಗ, ಅದುವರೆಗೆ "ಫಂಡ್ ಇಲ್ಲ" ಎನ್ನುತ್ತಿದ್ದ ಆಡಳಿತ ಮಂಡಳಿಗೆ ಹೇಗೋ ಫಂಡ್ ಒದಗುತ್ತದೆ.

ಅವಧಿಯ ವಿಷಯದಲ್ಲಿ ಜಾಗ್ರತೆ ಬೇಕು. ದೂರಿಗೆ ಕಾರಣ ಹುಟ್ಟಿ ಎರಡು ವರ್ಷದೊಳಗೆ ಬರಬೇಕು ಎಂಬುದು ನಿಯಮ. ಸೈಟೂ ಕೊಡದೆ ಹಣವೂ ಕೊಡದೆ ಇರುವವರೆಗೆ ಕಾರಣ ಮುಂದುವರಿಯುತ್ತಲೇ ಇರುತ್ತದೆ ಎಂಬ ವಾದಕ್ಕೆ ಕೋರ್ಟುಗಳ ಬೆಂಬಲವಿದೆ, ನಿಜ. ಆದರೂ ನೀವಾಗಿ ಹಿಂದೆ ಸರಿದು ಸಂಘ ಬರಹದಲ್ಲಿ ಇಲ್ಲ ಎಂದ ಮೇಲೆ ಆ ವಾದವನ್ನೇ ನಂಬಿ ಕೂರಬಾರದು. ಶಿಕ್ಷಕಿಯ ಪತ್ರಕ್ಕೆ 2023ರ ಜುಲೈನಲ್ಲಿ ನಿರಾಕರಣೆ ಬಂದಿದ್ದರೆ, 2025ರ ಜುಲೈ ದಾಟದಂತೆ ನೋಡಿಕೊಳ್ಳುವುದೇ ಕ್ಷೇಮ. ಸಂಘದವರು ಮೂರು ತಿಂಗಳಿಗೊಮ್ಮೆ "ಮುಂದಿನ ತಿಂಗಳು ನೋಡೋಣ ಮೇಡಂ" ಎನ್ನುತ್ತಾ ಬರುವುದರಲ್ಲಿ ಈ ಎರಡು ವರ್ಷ ಕರಗಿಹೋಗುತ್ತದೆ.

ರೇರಾ ಎಂಬ ಮೂರನೆಯ ಬಾಗಿಲೂ ಇದೆ. ಯೋಜನೆ ಅಲ್ಲಿ ನೋಂದಣಿಯಾಗಿದ್ದು, ಒಪ್ಪಂದದಲ್ಲಿ ಸೈಟು ಕೊಡುವ ದಿನಾಂಕ ಸ್ಪಷ್ಟವಿದ್ದರೆ ಹಣ ವಾಪಸ್ ಜತೆಗೆ ನಿಯಮದಲ್ಲೇ ಗೊತ್ತುಪಡಿಸಿದ ಬಡ್ಡಿ ಕೇಳಬಹುದು: ಸ್ಟೇಟ್ ಬ್ಯಾಂಕಿನ ಸಾಲದ ಮೂಲದರಕ್ಕೆ ಶೇ. 2 ಸೇರಿಸಿದ್ದು. ನೋಂದಣಿಯೇ ಇಲ್ಲದ, ಕರಪತ್ರ ಬಿಟ್ಟರೆ ಒಪ್ಪಂದವೇ ಇಲ್ಲದ ಹಳೆಯ ಯೋಜನೆಗಳಿಗೆ ಗ್ರಾಹಕರ ಆಯೋಗವೇ ಸುಲಭ. ಯಾವುದಾದರೂ ಒಂದನ್ನು ಹಿಡಿಯಿರಿ, ಒಂದೇ ಹಣಕ್ಕೆ ಎರಡು ಕಡೆ ದೂರು ಕೊಟ್ಟರೆ ಎರಡೂ ಕುಂಟುತ್ತವೆ.

ಇಷ್ಟೆಲ್ಲ ಹೇಳಿದರೂ ಸದಸ್ಯರ ತಪ್ಪೇ ಇರುವ ಪ್ರಕರಣಗಳೂ ಉಂಟು. ಬಡಾವಣೆ ಸಿದ್ಧವಾಗಿದೆ, ಹಂಚಿಕೆ ಪತ್ರ ಬಂದಿದೆ, ಉಳಿದ ಕಂತು ಕಟ್ಟಲಾಗದೆ ಬಿಡುತ್ತಿದ್ದೀರಿ ಎಂದಾದರೆ ಉಪವಿಧಿಯಲ್ಲಿರುವ ಕಡಿತವನ್ನು ಒಪ್ಪಬೇಕಾಗುತ್ತದೆ, ಬಡ್ಡಿಯ ಆಸೆಯೂ ತೆಳ್ಳಗಾಗುತ್ತದೆ. ಸಂಘದಲ್ಲಿ ನಿಮ್ಮ ಸಾಲವಿದ್ದರೆ ಅದನ್ನು ಷೇರು, ಠೇವಣಿಗಳಿಂದ ಮುರಿದುಕೊಳ್ಳುವ ಅಧಿಕಾರವನ್ನು ಕಾಯ್ದೆಯೇ ಕೊಟ್ಟಿದೆ.

ದೂರು ಬಿದ್ದ ಮೇಲೆ, ಕೆಲವೊಮ್ಮೆ ಅದಕ್ಕೂ ಮುಂಚೆ, ಸಂಘ ಮುಂದಿನ ದಿನಾಂಕದ ಚೆಕ್ಕುಗಳನ್ನು ಕೊಟ್ಟು ರಾಜಿಗೆ ಬರುತ್ತದೆ. ಜತೆಗೊಂದು ಕಾಗದ: "ಪೂರ್ಣ ಹಾಗೂ ಅಂತಿಮ ಬಾಬ್ತು ಹಣ ಪಡೆದಿದ್ದೇನೆ, ಇನ್ನು ಯಾವ ತಕರಾರೂ ಇಲ್ಲ." ಅಸಲು ಮಾತ್ರ ಸಿಗುತ್ತಿದ್ದರೆ ಆ ಸಾಲು ಹೊಡೆದು "ಭಾಗಶಃ ಪಾವತಿ, ಬಡ್ಡಿಯ ಹಕ್ಕು ಉಳಿಸಿಕೊಂಡು" ಎಂದು ಬರೆದು ಸಹಿ ಹಾಕಿ. ಹಾಗೆ ಬರೆದರೆ ಚೆಕ್ಕೇ ಇಲ್ಲ ಎಂದರೆ ಎಷ್ಟು ಬಿಡಬಹುದೆಂದು ನೀವೇ ತೂಗಿ ನೋಡಬೇಕು. ವಯಸ್ಸಾದವರು ಬಡ್ಡಿ ಬಿಟ್ಟು ಅಸಲು ತೆಗೆದುಕೊಂಡು ಹೋಗುವುದನ್ನು ನಾನು ತಪ್ಪೆನ್ನಲಾರೆ. ಆದರೆ ಚೆಕ್ಕು ನಗದಾಗುವ ಮೊದಲು ದೂರು ಹಿಂತೆಗೆಯಬಾರದು. ಚೆಕ್ಕನ್ನು ಅದರ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಅಧ್ಯಕ್ಷರು ಮುಖತಃ "ಇನ್ನೊಮ್ಮೆ ಹಾಕಿ, ಪಾಸಾಗುತ್ತೆ" ಎಂದದ್ದನ್ನು ನಂಬಿ ಈ ದಿನಗಳನ್ನು ತಪ್ಪಿಸಿಕೊಂಡವರು ಬಹಳ.

ಸಂಘವೇ ಮುಳುಗಿ ಸಮಾಪನೆಗೆ ಹೋದರೆ ಆಟ ಬೇರೆ. ನಿಬಂಧಕರು ನೇಮಿಸುವ ಸಮಾಪನಾಧಿಕಾರಿಯ ಮುಂದೆ, ಅವರು ಪ್ರಕಟಿಸಿದ ಗಡುವಿನೊಳಗೆ, ರಸೀದಿ ಸಮೇತ ಹಕ್ಕು ಸಲ್ಲಿಸಬೇಕು. ಅಲ್ಲಿ ಮೊದಲು ಸಾಲಗಾರರಿಗೆ, ಠೇವಣಿದಾರರಿಗೆ ಕೊಟ್ಟು ಏನಾದರೂ ಮಿಕ್ಕರೆ ಮಾತ್ರ ಷೇರುದಾರರಿಗೆ. ಸಹಕಾರಿ ಬ್ಯಾಂಕುಗಳ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆ ಇಂಥ ಸಂಘಗಳಿಗೆ ಇಲ್ಲ.

ಶಿಕ್ಷಕಿಯ ಷೇರಿನ ಸಾವಿರ ರೂಪಾಯಿ ಹಾಗೇ ಉಳಿದಿದೆ. ಠೇವಣಿ ಬಂದ ಮೇಲೆ ಅದನ್ನೂ ಕೇಳಬೇಕೇ? ಸಾವಿರಕ್ಕಾಗಿ ಓಡಾಡುವುದು ಯಾಕೆ ಎನ್ನಿಸಬಹುದು. ಆದರೂ ರಾಜೀನಾಮೆ ಕೊಟ್ಟು ಅಂಗೀಕಾರದ ನಿರ್ಣಯದ ಪ್ರತಿ ಪಡೆಯುವುದು ಒಳ್ಳೆಯದು. ಸದಸ್ಯತ್ವ ಕೊನೆಗೊಂಡ ದಿನ ಸಂಘಕ್ಕೆ ಇದ್ದ ಸಾಲಗಳ ಬಗ್ಗೆ ಮಾಜಿ ಸದಸ್ಯರ ಹೊಣೆ ಅಂದಿನಿಂದ ಎರಡು ವರ್ಷ ಮುಂದುವರಿಯುತ್ತದೆ. ನಿರ್ಣಯದ ದಿನಾಂಕವೇ ಕೈಯಲ್ಲಿಲ್ಲದಿದ್ದರೆ ಆ ಎರಡು ವರ್ಷ ಎಂದು ಶುರುವಾಯಿತೆಂದು ತೋರಿಸಲು ದಾಖಲೆಯೇ ಇರುವುದಿಲ್ಲ.